ಲೆಕ್ಕದ ಮೇಜಿನ ನಲವತ್ತೆಂಟು ಗಂಟೆ

(ಕಾಸರಗೋಡಿನಲ್ಲಿ ವಾಣಿಜ್ಯ ಪದವಿ ಮುಗಿಸಿದವರು ಮತ್ತು ಅವರ ಹೆತ್ತವರು ಸೇರಿದ್ದ ಸಭೆಯಲ್ಲಿ ತೆರಿಗೆ ಸಲಹೆಗಾರರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಸಭೆ ಶುರುವಾಗುವ ಮೊದಲು ಹೊರಗೆ ಚಹಾ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ಹತ್ತಿರ ಬಂದು ಕೇಳಿದರು: "ಮಗಳು ಬಿ.ಕಾಂ. ಮುಗಿಸಿದ್ದಾಳೆ ಸಾರ್. ಟ್ಯಾಲಿ ಕಲಿತಿದ್ದಾಳೆ. ಆ ಕೆಲಸ ಇನ್ನೊಂದು ಐದು ವರ್ಷವಾದರೂ ಇರಬಹುದೇ?" ನಾನು ಅವರಿಗೆ ಉತ್ತರ ಕೊಡಲಿಲ್ಲ. ಒಳಗೆ ಬನ್ನಿ, ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಅವರು ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಇವತ್ತಿನ ಮಾತನ್ನು ಅವರಿಗೇ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಅವರ ಪ್ರಶ್ನೆಯಲ್ಲೇ ಒಂದು ತೊಡಕಿದೆ. "ಆ ಕೆಲಸ" ಎಂದರೆ ಯಾವುದು? ಅಕೌಂಟ್ಸ್ ಅಸಿಸ್ಟೆಂಟ್ ಎಂಬುದು ಸಂಬಳದ ಪಟ್ಟಿಯಲ್ಲಿರುವ ಒಂದು ಹೆಸರು. ಆ ಹೆಸರಿನಡಿ ಒಬ್ಬಳು ಬೆಳಗ್ಗಿನಿಂದ ಸಂಜೆಯವರೆಗೆ ಬಿಲ್ ಕುಟ್ಟುತ್ತಿರಬಹುದು, ಇನ್ನೊಬ್ಬಳು ದಿನವಿಡೀ ಫೋನಿನಲ್ಲಿ ಜಗಳವಾಡುತ್ತಿರಬಹುದು. ಯಂತ್ರಕ್ಕೆ ಹುದ್ದೆಯ ಹೆಸರು ಗೊತ್ತಿಲ್ಲ. ಅದು ಬಂದು ಕಸಿಯುವುದು ಗಂಟೆಗಳನ್ನು.

ಇದನ್ನು ವಿದ್ವಾಂಸರೂ ಎಡವಿಯೇ ಕಲಿತರು. 2013ರಲ್ಲಿ ಆಕ್ಸ್‌ಫರ್ಡ್‌ನ ಫ್ರೇ ಮತ್ತು ಆಸ್ಬರ್ನ್ ಎಂಬಿಬ್ಬರು ಅಮೆರಿಕದ 702 ಉದ್ಯೋಗಗಳನ್ನು ಪಟ್ಟಿ ಮಾಡಿ, ಪ್ರತಿಯೊಂದೂ ಯಂತ್ರದ ಪಾಲಾಗುವ ಸಂಭವ ಎಷ್ಟೆಂದು ಅಂಕ ಕೊಟ್ಟರು. ಲೆಕ್ಕ ಬರೆಯುವ ಗುಮಾಸ್ತರಿಗೆ ಬಂದದ್ದು ಶೇಕಡಾ 98. ಸರಿ, ಗುಮಾಸ್ತಿಕೆ ಬೇಡ, ಇನ್ನೂ ಓದಿ ಲೆಕ್ಕಪರಿಶೋಧಕನಾಗುತ್ತೇನೆ ಎಂದು ಯಾರಾದರೂ ಹೊರಟರೆ ಅದೇ ಪಟ್ಟಿಯಲ್ಲಿ ಆ ಹುದ್ದೆಗೆ ಇದ್ದದ್ದು 94! ಅಷ್ಟು ವರ್ಷ ಓದಿ ಗಳಿಸಿದ ರಕ್ಷಣೆ ನಾಲ್ಕು ಅಂಕ. ಅಮೆರಿಕದ ಉದ್ಯೋಗಗಳಲ್ಲಿ ಶೇಕಡಾ 47 ಹೆಚ್ಚು ಅಪಾಯದಲ್ಲಿವೆ ಎಂದು ಅವರು ಹೇಳಿದ ಮಾತು ಪತ್ರಿಕೆಗಳಲ್ಲೆಲ್ಲ ಬಂತು. ಮೂರು ವರ್ಷ ಕಳೆದ ಮೇಲೆ, 2016ರಲ್ಲಿ, ಒಇಸಿಡಿ ಸಂಸ್ಥೆಗಾಗಿ ಇನ್ನು ಮೂವರು ಇದೇ ಲೆಕ್ಕವನ್ನು ಬೇರೆ ರೀತಿಯಲ್ಲಿ ಮಾಡಿದರು. ಹುದ್ದೆಯನ್ನು ಇಡಿಯಾಗಿ ನೋಡದೆ, ಆ ಹುದ್ದೆಯಲ್ಲಿರುವ ಜನ ನಿಜವಾಗಿ ಏನೇನು ಮಾಡುತ್ತಾರೆ ಎಂಬುದನ್ನು ಹಿಡಿದು ಎಣಿಸಿದರು. ಆಗ 47 ಇದ್ದದ್ದು 9ಕ್ಕೆ ಇಳಿಯಿತು. ಯಾವ ಅಂಕ ನಿಜವಾಯಿತು ಎಂಬ ಚರ್ಚೆ ನಮಗೆ ಬೇಡ. ಎಣಿಸುವ ರೀತಿ ಬದಲಾದರೆ ಉತ್ತರ ಇಷ್ಟು ಬದಲಾಗುತ್ತದೆ ಎಂಬುದಷ್ಟೇ ನಮಗೆ ಬೇಕಾದದ್ದು. ಆದ್ದರಿಂದ ನಾವು ಗಂಟೆ ಎಣಿಸೋಣ.

ನನ್ನ ಕಚೇರಿಯಲ್ಲಿ ಬಿ.ಕಾಂ. ಓದಿದ ಒಬ್ಬಳು ಹುಡುಗಿ ಇದ್ದಾಳೆ, ಬದಿಯಡ್ಕದ ಕಡೆಯವಳು. ಸುಮಾರು ನಲವತ್ತು ವರ್ತಕರ ಲೆಕ್ಕ ಅವಳ ಕೈಯಲ್ಲಿದೆ. ಅಡಿಕೆ ಮಂಡಿ, ಹಾರ್ಡ್‌ವೇರ್, ಬಟ್ಟೆ, ಔಷಧ, ಎಲ್ಲ ಬಗೆಯವರೂ ಇದ್ದಾರೆ. ಒಂದು ವಾರ ಅವಳಿಗೆ ಒಂದು ನೋಟ್‌ಬುಕ್ ಕೊಟ್ಟು, ಅರ್ಧ ಗಂಟೆಗೊಮ್ಮೆ ಏನು ಮಾಡುತ್ತಿದ್ದೀ ಎಂದು ಬರೆದಿಡು ಎಂದೆ. ಮೊದಲ ದಿನ ಸಿಟ್ಟು ಮಾಡಿಕೊಂಡಳು, ತನ್ನನ್ನು ಅಳೆಯುತ್ತಿದ್ದೇನೆ ಎಂದುಕೊಂಡಿರಬೇಕು. ವಾರದ ಕೊನೆಗೆ 48 ಗಂಟೆಯ ಲೆಕ್ಕ ಹೀಗಿತ್ತು. ಖರೀದಿ ಮತ್ತು ಮಾರಾಟದ ಬಿಲ್‌ಗಳನ್ನು ಟ್ಯಾಲಿಗೆ ಹಾಕಲು 19 ಗಂಟೆ. ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಲು 7. ರಿಟರ್ನ್ ತಯಾರಿಸಿ ಸಲ್ಲಿಸಲು 6. ನಮ್ಮ ಖರೀದಿ ಪುಸ್ತಕವನ್ನು ಪೋರ್ಟಲ್‌ನ 2ಬಿ ಪಟ್ಟಿಯ ಜೊತೆ ತಾಳೆ ನೋಡಲು 6. ಫೋನ್ ಮಾಡಿ ಬಿಲ್ ಕೇಳಲು, ತಪ್ಪು ತಿದ್ದಿಸಲು 5. ಇಲಾಖೆಯ ನೋಟಿಸ್‌ಗಳಿಗೆ 2. ಉಳಿದ ಮೂರು ಗಂಟೆ ಫೈಲು, ಅಂಗಡಿಗೆ ಓಡಾಟ, ಚಹಾ.

2ಬಿ ಎಂದರೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ನೀವು ಸರಕು ಕೊಂಡಾಗ ಕೊಟ್ಟ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅದಕ್ಕೆ ಕ್ರೆಡಿಟ್ ಎನ್ನುತ್ತೇವೆ. ಮಾರಿದವನು ತಿಂಗಳು ಮುಗಿದ ಮೇಲೆ 11ನೇ ತಾರೀಕಿನೊಳಗೆ ತನ್ನ ಬಿಲ್‌ಗಳ ವಿವರ ಸಲ್ಲಿಸುತ್ತಾನೆ. 14ಕ್ಕೆ ನಿಮ್ಮ ಹೆಸರಿನಲ್ಲಿ ಒಂದು ಪಟ್ಟಿ ತಾನಾಗಿ ತಯಾರಾಗುತ್ತದೆ. ಅದೇ 2ಬಿ. 2022ರ ಜನವರಿಯಿಂದ ಆ ಪಟ್ಟಿಯಲ್ಲಿ ಬಾರದ ಬಿಲ್‌ಗೆ ಕ್ರೆಡಿಟ್ ಇಲ್ಲ. ನಿಮ್ಮ ಕೈಯಲ್ಲಿ ಬಿಲ್ ಇದ್ದರೂ, ದುಡ್ಡು ಕೊಟ್ಟಿದ್ದರೂ ಇಲ್ಲ.

ಈಗ ನೋಟ್‌ಬುಕ್ಕಿಗೆ ಬರೋಣ. ಪ್ರತಿ ಸಾಲಿಗೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇವಳು ಕುಟ್ಟುತ್ತಿರುವ ಈ ಅಂಕಿ ಇನ್ನೆಲ್ಲೋ ಒಂದು ಕಂಪ್ಯೂಟರ್‌ನಲ್ಲಿ ಆಗಲೇ ಇದೆಯೇ? ಇದ್ದರೆ ಆ ಕೆಲಸ ಹೋಯಿತೆಂದೇ ತಿಳಿಯಿರಿ. ಅದನ್ನು ಕಸಿಯಲು ಬಹಳ ಜಾಣ ಯಂತ್ರವೇನೂ ಬೇಕಾಗಿಲ್ಲ. ಎರಡು ಕಂಪ್ಯೂಟರ್‌ಗಳ ನಡುವೆ ಒಂದು ದಾರಿ ಇದ್ದರೆ ಸಾಕು. ಬ್ಯಾಂಕ್ ಸ್ಟೇಟ್‌ಮೆಂಟನ್ನೇ ನೋಡಿ. ಬ್ಯಾಂಕಿನ ಕಂಪ್ಯೂಟರ್‌ನಲ್ಲಿದ್ದದ್ದನ್ನು ಕಾಗದದ ಮೇಲೆ ಮುದ್ರಿಸಿ, ಆ ಕಾಗದ ನೋಡಿಕೊಂಡು ಇನ್ನೊಂದು ಕಂಪ್ಯೂಟರ್‌ಗೆ ಕುಟ್ಟುವುದಕ್ಕೆ ನಾವು ಏಳು ಗಂಟೆಯ ಸಂಬಳ ಕೊಡುತ್ತಿದ್ದೆವು. ಹೇಳಲು ನನಗೇ ನಾಚಿಕೆಯಾಗುತ್ತದೆ.

ಬಿಲ್‌ಗಳ ಕಥೆಯೂ ಅದೇ ದಾರಿಯಲ್ಲಿದೆ, ಆದರೆ ಮೆಲ್ಲಗೆ. ಬಿಲ್ಲನ್ನು ಸರ್ಕಾರದ ಕಂಪ್ಯೂಟರ್‌ನಲ್ಲಿ ದಾಖಲಿಸಿಯೇ ಕೊಡಬೇಕಾದ ಇ-ಇನ್‌ವಾಯ್ಸ್ ಪದ್ಧತಿ 2020ರ ಅಕ್ಟೋಬರ್‌ನಲ್ಲಿ ಬಂದಾಗ ವರ್ಷಕ್ಕೆ 500 ಕೋಟಿಗಿಂತ ಹೆಚ್ಚು ವಹಿವಾಟು ಇರುವವರಿಗೆ ಮಾತ್ರ ಕಡ್ಡಾಯವಾಗಿತ್ತು. ನಮಗೇನು, ಅದು ಮುಂಬೈಯವರ ಪಾಡು ಎಂದುಕೊಂಡೆವು. ಮಿತಿ 100 ಕೋಟಿಗೆ ಇಳಿಯಿತು, 50ಕ್ಕೆ, 20ಕ್ಕೆ, 10ಕ್ಕೆ ಇಳಿಯಿತು. 2023ರ ಆಗಸ್ಟ್‌ನಿಂದ 5 ಕೋಟಿ. ಐದು ಕೋಟಿಯ ವಹಿವಾಟಿನವರು ಕಾಸರಗೋಡಿನ ಪೇಟೆಯಲ್ಲೇ ಇದ್ದಾರೆ. ಒಂದು ಹುದ್ದೆಗೆ ಅಪಾಯ ಯಾವಾಗ ಬರುತ್ತದೆ ಎಂದು ತಿಳಿಯಲು ಭವಿಷ್ಯ ಹೇಳುವವರ ಬಳಿ ಹೋಗಬೇಕಾಗಿಲ್ಲ. ಇಂಥ ಒಂದು ಮಿತಿ ಮೆಟ್ಟಿಲಿಳಿದು ಬರುವುದನ್ನು ನೋಡುತ್ತಿದ್ದರೆ ಸಾಕು. ಅದು ಯಾವ ಮೆಟ್ಟಿಲಿನಲ್ಲಿದೆ, ನಿಮ್ಮ ಗಿರಾಕಿಗಳು ಯಾವ ಮೆಟ್ಟಿಲಿನಲ್ಲಿದ್ದಾರೆ ಎಂಬುದೇ ಉತ್ತರ.

ಹಾಗಾದರೆ ಕೈಬರಹದ ಚೀಟಿಗಳು? ಅಡಿಕೆ ಮಂಡಿಯ ಚೀಟಿ ನೋಡಿದವರಿಗೆ ಗೊತ್ತು: ಹಳೆ ಚಾಲಿ, ಹೊಸ ಚಾಲಿ, ಪಟೋರ, ಕರಿಗೋಟು, ಪಕ್ಕದಲ್ಲಿ ತೂಕ, ಅದರ ಮೇಲೊಂದು ಗೀಟು, ಕೆಳಗೆ ಇನ್ನೊಂದು ತೂಕ. ಇದನ್ನು ಯಂತ್ರ ಓದಲಾರದು ಎಂದು ನಾನೂ ನಂಬಿದ್ದೆ. ಈಗ ಫೋನಿನಲ್ಲಿ ಫೋಟೋ ತೆಗೆದರೆ ಬಹಳಷ್ಟನ್ನು ಓದುತ್ತದೆ, ಕೆಲವನ್ನು ತಪ್ಪಾಗಿ. ಹಾಗಾಗಿ ಓದುವುದು ಕಷ್ಟ ಎಂಬ ಕಾರಣಕ್ಕೆ ನಿಂತಿರುವ ಕೆಲಸವನ್ನು ನೆಚ್ಚಿಕೊಳ್ಳಬೇಡಿ.

ನಿಯಮ ಗೊತ್ತಿರುವುದೂ ರಕ್ಷಣೆಯಲ್ಲ. ಇದು ನಮ್ಮ ಕಸುಬಿನವರಿಗೆ ಕೇಳಲು ಹಿತವಲ್ಲದ ಮಾತು. ರೈತನಿಂದ ಅಡಿಕೆ ಕೊಂಡ ವರ್ತಕ ತಾನೇ ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ಅದೇ ರೈತನಿಂದ ಸಿಪ್ಪೆ ತೆಗೆಯದ ಗೇರುಬೀಜ ಕೊಂಡರೆ ಕೊಂಡವನೇ ಕಟ್ಟಬೇಕು. ಇದನ್ನು ತಿಳಿದುಕೊಳ್ಳಲು ನನಗೆ ಸಮಯ ಹಿಡಿದಿತ್ತು, ತಿಳಿದ ಮೇಲೆ ಹೆಮ್ಮೆಯೂ ಆಗಿತ್ತು. ಆದರೆ ಒಂದು ಸಾಲಿನಲ್ಲಿ ಬರೆದಿಡಬಹುದಾದ ನಿಯಮವನ್ನು ಸಾಫ್ಟ್‌ವೇರ್‌ಗೆ ಹೇಳಿಕೊಡಲೂ ಒಂದು ಸಾಲು ಸಾಕು.

ಮತ್ತೇನು ಉಳಿಯುತ್ತದೆ? ಇಲ್ಲಿ ಒಂದು ಪ್ರಸಂಗ ಹೇಳಬೇಕು. ಗಡಿಯಲ್ಲಿರುವ ನಮ್ಮಲ್ಲೇ ದಿನವೂ ನಡೆಯುವಂಥದ್ದು.

ನಮ್ಮ ಹಾರ್ಡ್‌ವೇರ್ ವರ್ತಕರೊಬ್ಬರು ಮಂಗಳೂರಿನ ಅಂಗಡಿಯಿಂದ ಪೈಪು, ನಲ್ಲಿ ತರಿಸಿದರು. ಬೆಲೆ 40,000, ಶೇಕಡಾ 18ರಂತೆ ತೆರಿಗೆ 7,200, ಒಟ್ಟು 47,200 ರೂಪಾಯಿ. ಅದೇ ತಿಂಗಳು ಅವರು ಮಂಗಳೂರಿನ ಲಾಡ್ಜಿನಲ್ಲಿ ಎರಡು ರಾತ್ರಿ ಉಳಿದಿದ್ದರು, ಅದರ ಬಿಲ್ಲೂ ಅಂಗಡಿಯ ಜಿಎಸ್‌ಟಿ ಸಂಖ್ಯೆಗೇ ಆಗಿತ್ತು. 14ನೇ ತಾರೀಕು 2ಬಿ ಬಂದಾಗ ಎರಡೂ ಬಿಲ್‌ಗಳು ಕ್ರೆಡಿಟ್ ಸಿಗದವುಗಳ ಪಟ್ಟಿಯಲ್ಲಿದ್ದವು. ತಾಳೆ ನೋಡುವ ಸಾಫ್ಟ್‌ವೇರ್ ಎರಡನ್ನೂ ಒಂದೇ ಕೆಂಪು ಬಣ್ಣದಲ್ಲಿ ತೋರಿಸಿ ಸುಮ್ಮನಾಯಿತು. ಅದರ ತಪ್ಪೇನಿಲ್ಲ. ಎರಡು ಬಿಲ್‌ಗಳಲ್ಲೂ ಕರ್ನಾಟಕದ ರಾಜ್ಯ ತೆರಿಗೆ ಇತ್ತು, ನಮ್ಮ ವರ್ತಕರ ಸಂಖ್ಯೆ 32ರಿಂದ ಶುರುವಾಗುವ ಕೇರಳದ್ದು. ಕರ್ನಾಟಕಕ್ಕೆ ಕಟ್ಟಿದ ರಾಜ್ಯ ತೆರಿಗೆಯನ್ನು ಕೇರಳದಲ್ಲಿ ಕಳೆದುಕೊಳ್ಳಲಾಗದು.

ನಮ್ಮ ಹುಡುಗಿ ಎರಡು ಬಿಲ್‌ಗಳನ್ನೂ ಮುಂದಿಟ್ಟುಕೊಂಡು ಕುಳಿತಳು. ಲಾಡ್ಜಿನದ್ದನ್ನು ಪಕ್ಕಕ್ಕೆ ಸರಿಸಿದಳು. ಕೋಣೆ ಇರುವುದು ಮಂಗಳೂರಿನಲ್ಲಿ, ಸೇವೆ ಸಂದದ್ದೂ ಅಲ್ಲೇ, ಬಿಲ್ ಸರಿಯಾಗಿಯೇ ಇದೆ, ಆ ದುಡ್ಡು ಹೋದಂತೆಯೇ. ಪೈಪಿನ ಬಿಲ್‌ನಲ್ಲಿ ಅವಳು ಹುಡುಕಿದ್ದು ಸರಕು ಯಾರ ಗಾಡಿಯಲ್ಲಿ ಎಲ್ಲಿಗೆ ಬಂತು ಎಂಬುದನ್ನು. 50,000ಕ್ಕಿಂತ ಕಡಿಮೆಯ ಸರಕಾದ್ದರಿಂದ ಸಾಗಣೆಯ ಇ-ವೇ ಬಿಲ್ ಇರಲಿಲ್ಲ. ಆದರೆ ಬಾಡಿಗೆಯ ವೋಚರ್‌ಗಳ ಕಟ್ಟಿನಲ್ಲಿ ಟೆಂಪೋದವನ ಚೀಟಿ ಸಿಕ್ಕಿತು. ಮಾರಿದವರೇ ಕಾಸರಗೋಡಿಗೆ ಕಳಿಸಿಕೊಟ್ಟಿದ್ದರು. ಅಂದರೆ ಸರಕು ತಲುಪಿದ್ದು ಕೇರಳಕ್ಕೆ. ಬಿಲ್‌ನಲ್ಲಿ 3,600 ಮತ್ತು 3,600 ಎಂದು ಕೇಂದ್ರ, ರಾಜ್ಯ ತೆರಿಗೆಗಳಾಗಿ ಒಡೆಯುವ ಬದಲು, ರಾಜ್ಯದ ಗಡಿ ದಾಟುವ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ ಎಂದು ಇಡೀ 7,200 ರೂಪಾಯಿ ಹಾಕಬೇಕಾಗಿತ್ತು. ಹಾಗೆ ಹಾಕಿದ್ದರೆ ಇಡೀ 7,200 ನಮ್ಮ ವರ್ತಕರಿಗೆ ಸಿಗುತ್ತಿತ್ತು.

ಅವಳು ಮಂಗಳೂರಿಗೆ ಫೋನ್ ಮಾಡಿದಳು. ಬಿಲ್ ಮಾಡುವ ಹುಡುಗ ತುಳುವಿನಲ್ಲಿ ಕೇಳಿದ: "ಅಕ್ಕಾ, ಒಟ್ಟು ದುಡ್ಡು ಅಷ್ಟೇ ಅಲ್ಲವೇ? ಯಾವ ಹೆಸರಿನಲ್ಲಿದ್ದರೇನು?" ಅವನ ಮಟ್ಟಿಗೆ ಅದು ನಿಜ. 47,200 ಹೇಗೆ ಬರೆದರೂ 47,200. ಮೂರು ಸಲ ಫೋನ್ ಮಾಡಿದ ಮೇಲೆ ಆ ಅಂಗಡಿಯ ಲೆಕ್ಕದವರ ನಂಬರ್ ಸಿಕ್ಕಿತು. ಅವರಿಗೆ ವಿಷಯ ಅರ್ಥವಾಯಿತು, ಆದರೆ ಇಷ್ಟಕ್ಕೆಲ್ಲ ತಿದ್ದುತ್ತಾ ಕೂರಲು ಮನಸ್ಸಿರಲಿಲ್ಲ. ಮುಂದಿನ ಆರ್ಡರ್ ಕೊಡುವ ಮೊದಲು ಇದೊಂದು ಸರಿಯಾಗಲಿ ಎಂದು ವರ್ತಕರಿಂದಲೇ ಒಂದು ಮಾತು ಹೇಳಿಸಿದಳು. ಹಳೆಯ ಬಿಲ್‌ಗೆ ಕ್ರೆಡಿಟ್ ನೋಟ್ ಬಂತು, ಐಜಿಎಸ್‌ಟಿ ಹಾಕಿದ ಹೊಸ ಬಿಲ್ ಬಂತು, ಮುಂದಿನ ತಿಂಗಳ 2ಬಿಯಲ್ಲಿ 7,200 ಕಾಣಿಸಿತು. ಎಲ್ಲ ಸೇರಿ ಅವಳಿಗೆ ಹಿಡಿದದ್ದು ಸುಮಾರು ಒಂದೂವರೆ ಗಂಟೆ.

ಆ ಒಂದೂವರೆ ಗಂಟೆಯನ್ನು ಬಿಡಿಸಿ ನೋಡಿ. ಟೆಂಪೋದವನ ಚೀಟಿ ಯಾವ ಕಂಪ್ಯೂಟರ್‌ನಲ್ಲೂ ಇರಲಿಲ್ಲ. ಯಾವುದಕ್ಕೆ ಹೋರಾಡಬೇಕು, ಯಾವುದನ್ನು ಬಿಡಬೇಕು ಎಂದು ಯಾರಾದರೂ ತೀರ್ಮಾನಿಸಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನೊಂದು ತುದಿಯಲ್ಲಿರುವ, ತನಗೆ ಯಾವ ಲಾಭವೂ ಇಲ್ಲದ ಒಬ್ಬ ಮನುಷ್ಯ ಒಪ್ಪಬೇಕಿತ್ತು. ನಾನು ಎರಡನೆಯದಾಗಿ ಕೇಳುವ ಪ್ರಶ್ನೆ ಅದೇ: ಈ ಕೆಲಸ ಮುಗಿಯಬೇಕಾದರೆ ಇನ್ನೊಬ್ಬರು ಒಪ್ಪಬೇಕೇ? ಹೌದಾದರೆ ಆ ಗಂಟೆಗೆ ಆಯುಷ್ಯ ಹೆಚ್ಚು.

ಮೂರನೆಯದೂ ಒಂದಿದೆ: ತಪ್ಪಾದರೆ ಅದು ಯಾವಾಗ ತಿಳಿಯುತ್ತದೆ? ಬ್ಯಾಂಕ್ ಪುಸ್ತಕದಲ್ಲಿ ತಪ್ಪಿದರೆ ಆ ಕ್ಷಣವೇ ಶಿಲ್ಕು ತಾಳೆಯಾಗುವುದಿಲ್ಲ. ಅಂಥ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಮಾಲೀಕನಿಗೆ ಭಯವಿಲ್ಲ. ನೋಟಿಸ್‌ಗೆ ತಪ್ಪು ಉತ್ತರ ಕೊಟ್ಟರೆ ಅದು ತಿಳಿಯುವುದು ಬಡ್ಡಿ, ದಂಡ ಸೇರಿ ಆದೇಶ ಬಂದಾಗ. ಕರಡನ್ನು ಯಂತ್ರ ಬರೆದುಕೊಟ್ಟರೂ ಸರಿ, ಇದರ ಹೊಣೆ ನನ್ನದು ಎನ್ನುವ ಒಬ್ಬರು ಅಲ್ಲಿ ಬೇಕೇ ಬೇಕು.

ನಡುವೆ ಒಂದು ಬದಿಯ ಮಾತು. ಈ ಮೂರು ಪ್ರಶ್ನೆಗಳನ್ನು ನನ್ನ ಗೆಳೆಯನೊಬ್ಬ ತನ್ನ ಕಸುಬಿಗೆ ಹಚ್ಚಿ ನೋಡಿದ. ಅವನು ಹಳೆಯ ಕನ್ನಡ ದಸ್ತಾವೇಜುಗಳನ್ನು ಮಲಯಾಳಕ್ಕೆ, ಇಂಗ್ಲಿಷಿಗೆ ಮಾಡಿಕೊಡುವವನು. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವಲ್ಲ, ಹಾಗಾಗಿ ಅಜ್ಜಂದಿರ ಕಾಲದ ಆಸ್ತಿಪತ್ರಗಳು ಕನ್ನಡದಲ್ಲಿವೆ, ಇವತ್ತು ಸಾಲ ಕೊಡುವ ಬ್ಯಾಂಕಿನವರಿಗೆ ಅವು ಓದಲು ಬರುವುದಿಲ್ಲ. ಸಾದಾ ಅರ್ಜಿ, ಸುತ್ತೋಲೆಗಳ ಅನುವಾದ ಅವನ ಕೈಯಿಂದ ಬಹುಪಾಲು ಹೋಗಿಬಿಟ್ಟಿದೆ, ಜನ ಫೋನಿನಲ್ಲೇ ಮಾಡಿಕೊಳ್ಳುತ್ತಾರೆ. ಉಳಿದಿರುವುದು ವರ್ಗ, ಕುಮ್ಕಿ, ಮೂಲಗೇಣಿಯಂಥ ಹಳೆಯ ಭೂಹಕ್ಕಿನ ಪದಗಳಿರುವ ಪತ್ರಗಳು. ಕುಮ್ಕಿ ಎಂದರೆ ಕಂದಾಯ ಕಟ್ಟುವ ವರ್ಗ ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆಗೆ ಇರುವ ಹಕ್ಕು, ಒಡೆತನವಲ್ಲ. ಆ ಒಂದು ಪದ ಅನುವಾದದಲ್ಲಿ ಒಡೆತನವಾಗಿಬಿಟ್ಟರೆ ಇಲ್ಲದ ಜಮೀನಿಗೆ ಬ್ಯಾಂಕು ಸಾಲ ಕೊಟ್ಟಂತಾಯಿತು. ಈಗ ಅವನು ತನ್ನನ್ನು ಅನುವಾದಕ ಎಂದುಕೊಳ್ಳುವುದನ್ನು ಬಿಟ್ಟು, ವಕೀಲರೊಬ್ಬರ ಜೊತೆ ಆಸ್ತಿಯ ಹಕ್ಕುಪತ್ರ ಪರಿಶೀಲಿಸುವ ಕೆಲಸಕ್ಕೆ ಹೊರಳಿದ್ದಾನೆ. ಈಗಿರುವ ಕೆಲಸಕ್ಕೆ ಅಂಟಿಕೊಂಡೇ ಇರುವ, ಸುಲಭವಾಗಿ ಹೊರಳಬಹುದಾದ ಇಂಥ ಕೆಲಸವನ್ನು ನಾನು ಪಕ್ಕದ ಮನೆ ಎನ್ನುತ್ತೇನೆ.

ಪಕ್ಕದ ಮನೆ ಯಾವುದು ಎಂದು ನಮ್ಮ ಹುಡುಗಿಗೆ ಹೇಗೆ ತಿಳಿಯಬೇಕು? ಅವಳ ನೋಟ್‌ಬುಕ್ಕಿನಲ್ಲೇ ಇದೆ. ಫೋನಿಗೆ 5 ಗಂಟೆ, ನೋಟಿಸ್‌ಗೆ 2 ಗಂಟೆ, ತಾಳೆ ನೋಡುವ ಆರರಲ್ಲಿ ತಾಳೆಯಾಗದೆ ಉಳಿದವನ್ನು ಹಿಡಿದು ಕೂರುವ ಒಂದೆರಡು ಗಂಟೆ. ಹೆಚ್ಚುಕಡಿಮೆ ಎಂಟು ಗಂಟೆ ಅವಳು ಆಗಲೇ ಆ ಕೆಲಸದಲ್ಲಿದ್ದಾಳೆ. ನೀವು ವಾರಕ್ಕೆ ಒಂದು ಗಂಟೆಯೂ ಮಾಡದ ಕೆಲಸ ಪಕ್ಕದ ಮನೆಯಲ್ಲ, ದೂರದ ಊರು. ಲೆಕ್ಕ ಬರೆಯುವ ಹುಡುಗರು ನಲವತ್ತು ಸಾವಿರ ಕಟ್ಟಿ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ ಹೋಗುವುದನ್ನು ನೋಡಿದ್ದೇನೆ. ಇನ್ನು ಕೆಲವರು ಸಂಬಳದ ಲೆಕ್ಕ, ಪಿಎಫ್, ಇಎಸ್‌ಐ ಕಲಿಯುತ್ತಾರೆ. ಅದು ಪಕ್ಕದ ಮನೆ ಹೌದು, ಆದರೆ ಅದರ ಮಾಡಿಗೂ ಇದೇ ಗೆದ್ದಲು ಹಿಡಿದಿದೆ. ಮೊದಲ ಪ್ರಶ್ನೆ ಕೇಳಿ ನೋಡಿ, ಹಾಜರಿ ಯಂತ್ರದಲ್ಲಿ ಆಗಲೇ ಎಲ್ಲ ಅಂಕಿಗಳೂ ಇವೆ.

ವಿಚಿತ್ರವೆಂದರೆ, ತಾಳೆಯಾಗದವನ್ನು ಹಿಡಿಯುವ ಕೆಲಸವನ್ನು ಹೆಚ್ಚಿಸುತ್ತಿರುವುದೂ ಯಂತ್ರವೇ. ನೀವು ಪಡೆದ ಕ್ರೆಡಿಟ್ 2ಬಿಗಿಂತ ಒಂದು ಮಿತಿ ಮೀರಿ ಹೆಚ್ಚಾಗಿದ್ದರೆ ಪೋರ್ಟಲ್ ತಾನಾಗಿ ಡಿಆರ್‌ಸಿ-01ಸಿ ಎಂಬ ಸೂಚನೆ ಕಳಿಸುತ್ತದೆ. ಏಳು ದಿನಗಳೊಳಗೆ ದುಡ್ಡು ಕಟ್ಟಬೇಕು ಅಥವಾ ಕಾರಣ ಹೇಳಬೇಕು. ಸುಮ್ಮನಿದ್ದರೆ ಮುಂದಿನ ತಿಂಗಳ ಮಾರಾಟದ ವಿವರ ಸಲ್ಲಿಸಲು ಬಿಡುವುದಿಲ್ಲ, ಆಗ ನಿಮ್ಮ ಗಿರಾಕಿಗಳಿಗೆ ಕ್ರೆಡಿಟ್ ಸಿಗದೆ ಅವರು ನಿಮ್ಮ ಅಂಗಡಿಗೆ ಬರುತ್ತಾರೆ. ಹಿಂದೆ ಒಬ್ಬ ಅಧಿಕಾರಿ ಫೈಲು ತೆಗೆದು ನೋಡಿದರೆ ಮಾತ್ರ ಬರುತ್ತಿದ್ದ ಪ್ರಶ್ನೆ ಈಗ ತಾನಾಗಿ ಬರುತ್ತದೆ. ಉತ್ತರ ಮಾತ್ರ ತಾನಾಗಿ ಹೋಗುವುದಿಲ್ಲ. ಅದರಲ್ಲೂ ನಮ್ಮೂರಿನಲ್ಲಿ ಸೂಚನೆ ಇಂಗ್ಲಿಷಿನಲ್ಲಿ, ಕಚೇರಿಯಲ್ಲಿ ಮಾತು ಮಲಯಾಳದಲ್ಲಿ, ವರ್ತಕನ ಪುಸ್ತಕ ಕನ್ನಡದಲ್ಲಿ, ಅವನು ನಿಜ ಹೇಳುವುದು ತುಳುವಿನಲ್ಲೋ ಬ್ಯಾರಿಯಲ್ಲೋ. ಈ ನಾಲ್ಕು ಮೆಟ್ಟಿಲು ಹತ್ತಿ ಇಳಿಯಬಲ್ಲವರು ಕೊಚ್ಚಿಯಿಂದ ಬರುವುದಿಲ್ಲ.

ಇಷ್ಟು ಕೇಳಿ ನಾಳೆಯೇ ಎಲ್ಲರೂ ಅತ್ತ ಓಡಬೇಡಿ, ಎರಡು ಮಿತಿಗಳಿವೆ. ಮೊದಲನೆಯದು ಕುರ್ಚಿಗಳ ಸಂಖ್ಯೆ. ನನ್ನ ಕಚೇರಿಯಲ್ಲಿ ಬಿಲ್ ಕುಟ್ಟುವವರು ಮೂವರಿದ್ದರು. ಈಗ ಕುಟ್ಟುವವರು ಒಬ್ಬರು, ತಾಳೆ ಮತ್ತು ನೋಟಿಸ್ ನೋಡುವವರು ಒಬ್ಬರು. ಮೂರನೆಯವನು ಬೇರೆ ಕಡೆ ಹೋಗಬೇಕಾಯಿತು. ಅವನು ಜಗಳಕ್ಕೆ ಹೋಗುವವನಲ್ಲ, ಆದರೆ ಅಂಗಡಿ ಸುತ್ತುವುದೆಂದರೆ ಇಷ್ಟ. ಈಗ ಸಾಲ ಪಡೆದ ಅಂಗಡಿಗಳ ದಾಸ್ತಾನು ಪರಿಶೀಲನೆಗೆ ಹೋಗುವ ಲೆಕ್ಕಪರಿಶೋಧಕರೊಬ್ಬರ ಜೊತೆ ಇದ್ದಾನೆ. ಪುಸ್ತಕದಲ್ಲಿ ನೂರು ಮೂಟೆ ಅಡಿಕೆ ಎಂದಿದ್ದರೆ ಹಿಂದಿನ ಸಾಲಿನ ಮೂಟೆಗಳಲ್ಲೂ ಅಡಿಕೆಯೇ ಇದೆಯೇ ಎಂದು ಕೈ ಹಾಕಿ ನೋಡುವ ಕೆಲಸ. ಒಂದೇ ಮೇಜಿನಿಂದ ಎದ್ದ ಇಬ್ಬರಿಗೆ ಎರಡು ಪಕ್ಕದ ಮನೆಗಳು.

ಎರಡನೆಯದು, ಈ ಸುರಕ್ಷಿತ ಜಾಗದ ನೆಲವೂ ಸವೆಯುತ್ತಿದೆ. ಮಾರಾಟದ ವಿವರಕ್ಕೂ ಕಟ್ಟಿದ ತೆರಿಗೆಗೂ ಇರುವ ವ್ಯತ್ಯಾಸ ಕೇಳಿ ಬರುತ್ತಿದ್ದ ಸೂಚನೆಗಳು ನಮಗೆ ಸಾಕಷ್ಟು ಕೆಲಸ ಕೊಡುತ್ತಿದ್ದವು. 2025ರ ಜುಲೈ ತಿಂಗಳ ಲೆಕ್ಕದಿಂದ, ತೆರಿಗೆ ಕಟ್ಟಲು ಸಲ್ಲಿಸುವ 3ಬಿ ರಿಟರ್ನ್‌ನಲ್ಲಿ ಮಾರಾಟದ ತೆರಿಗೆಯ ಅಂಕಿ ತಾನಾಗಿ ತುಂಬಿ ಬರುತ್ತದೆ, ಅದನ್ನು ಅಲ್ಲಿ ತಿದ್ದಲು ಬಿಡುವುದಿಲ್ಲ. ವ್ಯತ್ಯಾಸ ಹುಟ್ಟುವ ಜಾಗವನ್ನೇ ಮುಚ್ಚಿದರೆ ವ್ಯತ್ಯಾಸ ಹುಡುಕುವವನಿಗೆ ಏನು ಕೆಲಸ? ಖರೀದಿಯ ಕಡೆಯೂ 2024ರ ಅಕ್ಟೋಬರ್‌ನಿಂದ ಪ್ರತಿ ಬಿಲ್ಲನ್ನೂ ಒಪ್ಪು, ತಿರಸ್ಕರಿಸು, ಬಾಕಿ ಇಡು ಎಂದು ಪೋರ್ಟಲ್‌ನಲ್ಲೇ ಹೇಳುವ ವ್ಯವಸ್ಥೆ ಬಂದಿದೆ. ಇಲ್ಲಿ ಒಪ್ಪಬೇಕೇ ಬೇಡವೇ ಎಂದು ತೀರ್ಮಾನಿಸುವವರು ಇನ್ನೂ ಬೇಕು. ಟೆಂಪೋದ ಚೀಟಿ ಹುಡುಕುವವಳಿಗೆ ಸದ್ಯಕ್ಕೆ ಕೆಲಸವಿದೆ. ಬರೀ ಎರಡು ಪಟ್ಟಿ ಹೋಲಿಸುವವಳಿಗೆ ಇಲ್ಲ.

ಎರಡನೆಯ ಸಾಲಿನ ಹಿರಿಯರೇ, ನಿಮ್ಮ ಮಗಳು ಕೆಲಸಕ್ಕೆ ಸೇರುವ ಮೊದಲು ಅಲ್ಲಿರುವವರನ್ನು ಒಂದು ಮಾತು ಕೇಳಲಿ: ವಾರದಲ್ಲಿ ಎಷ್ಟು ಗಂಟೆ ಕುಟ್ಟುವುದು, ಎಷ್ಟು ಗಂಟೆ ಜನರೊಡನೆ ಮಾತಾಡುವುದು? ಎರಡು ಕಡೆ ಕೆಲಸ ಸಿಕ್ಕಿದರೆ, ಸಂಬಳ ಸಾವಿರ ರೂಪಾಯಿ ಕಡಿಮೆಯಾದರೂ ಮಾತಿನ ಗಂಟೆ ಹೆಚ್ಚಿರುವ ಮೇಜು ನನಗೆ ಇಷ್ಟ. ಸೇರಿದ ಮೇಲೆ ಅವಳೂ ಒಂದು ನೋಟ್‌ಬುಕ್ ಇಡಲಿ. ಆದರೆ ಒಂದು ಎಚ್ಚರಿಕೆ. ನಾನು ಮೊದಲ ಸಲ ಮಾಡಿದ ತಪ್ಪು ಅದು. 11ರಿಂದ 20ನೇ ತಾರೀಕಿನ ನಡುವಿನ ವಾರ ಹಿಡಿದರೆ ರಿಟರ್ನಿನ ಗಡಿಬಿಡಿಯೇ ಎಲ್ಲವನ್ನೂ ನುಂಗಿರುತ್ತದೆ. ತಿಂಗಳ ಕೊನೆಯ ಒಂದು ವಾರವನ್ನೂ ಬರೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆರು ತಿಂಗಳಾದ ಮೇಲೆ ಅವೇ ಎರಡು ವಾರಗಳನ್ನು ಮತ್ತೆ ಬರೆಯಲಿ. ನಮ್ಮ ಹುಡುಗಿಯ ಹೊಸ ನೋಟ್‌ಬುಕ್ಕಿನಲ್ಲಿ ಬಿಲ್ ಹಾಕುವ ಗಂಟೆ ಹತ್ತೊಂಬತ್ತರಿಂದ ಎಂಟಕ್ಕೆ ಇಳಿದಿದೆ, ಫೋನಿನದು ಐದರಿಂದ ಹದಿನಾಲ್ಕಕ್ಕೆ ಏರಿದೆ. ಕಿವಿ ನೋಯುತ್ತದೆ ಎಂದು ದೂರುತ್ತಿದ್ದಾಳೆ.